ತಂಗಿ ಮದುವೆಯ ರಿಟರ್ನ್ ಗಿಫ್ಟ್ ಟ್ಯಾಗ್: ಮೂರು ಸಾಲು ಬರೆದು, ಅಚ್ಚು ಹಾಕಿಸಿ, ಕಟ್ಟಿ ಮುಗಿಸಿದ್ದು

ಕೆಲಸ ಇಷ್ಟು. 2025ರ ನವೆಂಬರ್ 23, ಭಾನುವಾರ ತಂಗಿಯ ಮದುವೆ. ಬಂದವರಿಗೆ ತಾಂಬೂಲದ ಜೊತೆ ಚನ್ನಪಟ್ಟಣದ ಕುಂಕುಮ ಭರಣಿ ಕೊಡುವುದು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಭರಣಿಯ ಡಬ್ಬಿಗೆ ಕಟ್ಟುವ ಟ್ಯಾಗ್ ಸುಮಾರು 450 ಬೇಕು. ಮದುವೆಗೆ ದುಡಿದವರಿಗೆ ಕೈಯಲ್ಲಿ ಬರೆದು ಕೊಡಲು ಬೇರೆ ಕಾರ್ಡ್ 60 ಬೇಕು. ಎರಡೂ ನನ್ನ ಪಾಲಿಗೆ ಬಂತು. ಕೆಲಸ ಮುಗಿದಿದೆ. ಅಳತೆ, ಖರ್ಚು, ಬರೆದು ಹೊಡೆದು ಹಾಕಿದ ಸಾಲುಗಳು, ಅಚ್ಚಿನಲ್ಲಿ ಆದ ತೊಂದರೆ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ವಧು-ವರರ ಹೆಸರು ಮಾತ್ರ ಬದಲಿಸಿದ್ದೇನೆ.

1. ಅಕ್ಟೋಬರ್ ಮೊದಲ ವಾರ: ಅಳತೆ ಮೊದಲು, ಮಾತು ಆಮೇಲೆ

ಎಲ್ಲರೂ ಮೊದಲು ಸಾಲು ಬರೆದು ಆಮೇಲೆ ಅದನ್ನು ಟ್ಯಾಗ್‌ನಲ್ಲಿ ತುರುಕಲು ನೋಡುತ್ತಾರೆ. ನಾನು ಜಾಗ ಅಳೆದು ಶುರು ಮಾಡಿದೆ. ಟ್ಯಾಗ್ ವಿಸಿಟಿಂಗ್ ಕಾರ್ಡ್ ಅಳತೆಯದ್ದು, ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ. ಅಂದರೆ 89 × 51 ಮಿಲಿಮೀಟರ್. ಎಡಗಡೆ ದಾರದ ತೂತಿಗೆ 12 ಮಿ.ಮೀ. ಬಿಡಬೇಕು. ಉಳಿದ ಮೂರು ಕಡೆ 5 ಮಿ.ಮೀ. ಅಂಚು. ಬರೆಯಲು ಉಳಿಯುವುದು 72 × 41 ಮಿ.ಮೀ.

ಈ ಎತ್ತರದಲ್ಲಿ ಇಂಗ್ಲಿಷ್ ಆದರೆ ಎಂಟು ಸಾಲು ಕೂರಿಸಬಹುದು. ಕನ್ನಡಕ್ಕೆ ಆಗುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಹೋಗುತ್ತದೆ, ಎರಡೂ ಒಂದಕ್ಕೊಂದು ತಾಗುತ್ತವೆ. 12 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 19 ಪಾಯಿಂಟ್ ಬಿಟ್ಟಾಗ ಮಾತ್ರ ಕಣ್ಣಿಗೆ ಹಿತವಾಗಿ ಕಂಡಿತು. 12ಕ್ಕಿಂತ ಚಿಕ್ಕದು ಮಾಡಿದರೆ ಅಮ್ಮ ಕನ್ನಡಕ ಹುಡುಕಬೇಕಾಗುತ್ತಿತ್ತು. ಬರುವವರಲ್ಲಿ ಅರ್ಧ ಜನ ಅಮ್ಮನ ವಯಸ್ಸಿನವರೇ.

41 ಮಿ.ಮೀ. ಅಂದರೆ 116 ಪಾಯಿಂಟ್. ಮಾತಿಗೆ ಮೂರು ಸಾಲು ಇಟ್ಟರೆ 57. ಹೆಸರು ದಪ್ಪಗೆ ಒಂದು ಸಾಲು, 26. ಅದರ ಕೆಳಗೆ ಸಣ್ಣಕ್ಷರದ ಎರಡು ಸಾಲು, 28. ಒಟ್ಟು 111, ಅಲ್ಲಿಗೆ ಟ್ಯಾಗ್ ತುಂಬಿತು. ಹೇಳಬೇಕಾದ್ದನ್ನು ಮೂರು ಸಾಲಲ್ಲಿ ಹೇಳಬೇಕು, ಒಂದೊಂದು ಸಾಲೂ ಹದಿನೈದು ಅಕ್ಷರದ ಒಳಗೆ ಇರಬೇಕು. ಈ ಲೆಕ್ಕ ಗೊತ್ತಾದ ಮೇಲೆ ಮಾತಿನ ಕೆಲಸ ಸುಲಭ ಆಯಿತು. ಯಾರಾದರೂ "ಇದನ್ನೂ ಸೇರಿಸು" ಅಂದರೆ "ಯಾವುದನ್ನು ತೆಗೀಲಿ?" ಅಂತ ಕೇಳಬಹುದಿತ್ತು.

2. ಅದೇ ವಾರ: ಮೊದಲ ಕರಡು, ಅದು ಯಾಕೆ ಬಿತ್ತು

ನೆಂಟರ ಮನೆಯಲ್ಲಿ ಉಳಿದಿದ್ದ ಹಳೆಯ ಟ್ಯಾಗ್‌ಗಳು, ಅಚ್ಚಿನ ಅಂಗಡಿಯ ಮಾದರಿ ಪುಸ್ತಕ ಎರಡನ್ನೂ ನೋಡಿ, ಎಲ್ಲರೂ ಬಳಸುವ ಮಾತುಗಳನ್ನೇ ಕೂಡಿಸಿ ಒಂದು ಕರಡು ಮಾಡಿದೆ. ಅದು ಹೀಗಿತ್ತು:

"ನಮ್ಮ ಜೀವನದ ವಿಶೇಷ ದಿನದ ಭಾಗವಾಗಿ, ತಮ್ಮ ಅಮೂಲ್ಯ ಉಪಸ್ಥಿತಿಯಿಂದ ವಿವಾಹ ಮಹೋತ್ಸವದ ಶೋಭೆಯನ್ನು ಹೆಚ್ಚಿಸಿ ವಧೂವರರನ್ನು ಆಶೀರ್ವದಿಸಿದ ತಮಗೆ ಹಾರ್ದಿಕ ಅಭಿನಂದನೆಗಳು. ತಮ್ಮ ಉಡುಗೊರೆಗೆ ಪ್ರತಿಯಾಗಿ ಈ ಕಿರುಕಾಣಿಕೆ."

ಜಾಗದ ಮಾತು ಬಿಡಿ, ಅದಕ್ಕಿಂತ ದೊಡ್ಡ ತೊಂದರೆಗಳು ಇದರಲ್ಲಿವೆ. ಒಂದೊಂದಾಗಿ ಬರೆಯುತ್ತೇನೆ, ಯಾಕೆಂದರೆ ಇವೇ ತಪ್ಪುಗಳು ನಾನು ನೋಡಿದ ಬಹಳ ಟ್ಯಾಗ್‌ಗಳಲ್ಲಿ ಹಾಗೇ ಅಚ್ಚಾಗಿವೆ.

ಮಾತಾಡುತ್ತಿರುವವರು ಯಾರು ಅನ್ನುವುದೇ ಇಲ್ಲಿ ನಿಲ್ಲುವುದಿಲ್ಲ. "ನಮ್ಮ ಜೀವನದ" ಅಂದಾಗ ಗಂಡು-ಹೆಣ್ಣು ಮಾತಾಡುತ್ತಿದ್ದಾರೆ. ಮುಂದೆ "ವಧೂವರರನ್ನು ಆಶೀರ್ವದಿಸಿದ" ಅಂದಾಗ ಅವರ ಅಪ್ಪ-ಅಮ್ಮ ಮಾತಾಡುತ್ತಿದ್ದಾರೆ. ಒಂದೇ ವಾಕ್ಯದಲ್ಲಿ ಇಬ್ಬರ ದನಿ. ಲಗ್ನಪತ್ರಿಕೆಯಲ್ಲಿ ಕರೆಯುವವರು ಹಿರಿಯರು, ಅದಕ್ಕೇ ಅಲ್ಲಿ "ಚಿ|| ಸೌ||", "ಚಿ|| ರಾ||" ಸರಿ. ಹಿರಿಯರು ಮಕ್ಕಳ ಹೆಸರಿಗೆ ಸೇರಿಸುವ ಹರಕೆ ಅದು. ಟ್ಯಾಗ್‌ನಲ್ಲಿ ಮಕ್ಕಳೇ ಮಾತಾಡುತ್ತಿದ್ದರೆ ತಮ್ಮ ಹೆಸರಿನ ಮುಂದೆ ತಾವೇ ಚಿರಂಜೀವಿ ಅಂತ ಹಾಕಿಕೊಂಡ ಹಾಗೆ ಆಗುತ್ತದೆ. ಪತ್ರಿಕೆಯಿಂದ ಹೆಸರನ್ನು ಹಾಗೇ ಎತ್ತಿ ಟ್ಯಾಗ್‌ಗೆ ಅಂಟಿಸಿದಾಗ ಈ ತಪ್ಪು ಬರುತ್ತದೆ.

ಇನ್ನು "ಅಭಿನಂದನೆಗಳು". ಅದು ಬಂದವರು ಮದುಮಕ್ಕಳಿಗೆ ಹೇಳಬೇಕಾದ ಮಾತು. ಗೆದ್ದವರಿಗೆ, ಒಳ್ಳೆಯದು ಆದವರಿಗೆ ಹೇಳುವುದು. ಮದುವೆಗೆ ಬಂದದ್ದಕ್ಕೆ ನಾವು ಅವರನ್ನು ಅಭಿನಂದಿಸುವುದು ಅಂದರೆ ಏನರ್ಥ? ಆದರೂ ಮಾದರಿ ಪುಸ್ತಕದ ತುಂಬ ಇದೇ ಇತ್ತು.

"ಆಶೀರ್ವದಿಸಿದ", "ಹರಸಿದ" ಅಂದರೆ ಓದುವವರು ನಮಗಿಂತ ಹಿರಿಯರೇ ಆಗಿರಬೇಕು. ತಂಗಿಯ ಕಾಲೇಜಿನ ಗೆಳತಿ, ಅವಳ ಆಫೀಸಿನ ಕಿರಿಯರು, ಚಿಕ್ಕಪ್ಪನ ಮಗಳು ಎಲ್ಲರಿಗೂ ಇದೇ ಟ್ಯಾಗ್ ಹೋಗುತ್ತದೆ. ಅವರು ಹರಸಿಲ್ಲ, ಹಾರೈಸಿದ್ದಾರೆ. ಹಾರೈಸುವುದು ಯಾವ ವಯಸ್ಸಿನವರೂ ಮಾಡಬಹುದು, ಹಿರಿಯರಿಗೆ ಹೇಳಿದರೂ ಕಡಿಮೆ ಅನಿಸುವುದಿಲ್ಲ. ಅದೊಂದೇ ಕ್ರಿಯಾಪದ ಎಲ್ಲರಿಗೂ ಹೊಂದಿತು.

ಕೊನೆಯದು "ಉಡುಗೊರೆಗೆ ಪ್ರತಿಯಾಗಿ". ಇದನ್ನು ಅಮ್ಮ ಕೇಳಿದ ತಕ್ಷಣ ಹೊಡೆದು ಹಾಕಿಸಿದರು. ನಮ್ಮ ಪತ್ರಿಕೆಯ ಕೆಳಗೆ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚಾಗಿತ್ತು. ಹಾಗೆ ಹಾಕಿ, ಟ್ಯಾಗ್‌ನಲ್ಲಿ ಉಡುಗೊರೆಯ ಲೆಕ್ಕ ಎತ್ತಿದರೆ ಏನೂ ತರದೆ ಬಂದವರಿಗೆ ಚುಚ್ಚುತ್ತದೆ. ಮುಯ್ಯಿ ಬರೆಸಿದವರಿಗೂ ಚೆನ್ನಾಗಿರುವುದಿಲ್ಲ, ಸಾವಿರ ರೂಪಾಯಿ ಬರೆಸಿ ಒಂದು ಭರಣಿ ಪ್ರತಿಯಾಗಿ ಬಂತು ಅಂತ ಓದಿದ ಹಾಗಾಗುತ್ತದೆ. ಮುಯ್ಯಿ ಪುಸ್ತಕದ ಲೆಕ್ಕ ಬೇರೆ, ಅದು ಅವರ ಮನೆಯ ಕಾರ್ಯ ಬಂದಾಗ ತೀರುತ್ತದೆ. ಟ್ಯಾಗ್‌ನಲ್ಲಿ ಉಡುಗೊರೆ, ಕಾಣಿಕೆ, ಪ್ರತಿ ಯಾವ ಮಾತೂ ಬೇಡ ಅಂತ ಗೆರೆ ಎಳೆದೆವು. ವಸ್ತು ಕೈಯಲ್ಲೇ ಇದೆ, ಅದಕ್ಕೆ ಹೆಸರು ಬೇಕಿಲ್ಲ.

3. ಅಕ್ಟೋಬರ್ ಎರಡನೇ ವಾರ: ಸಾಲು ನಿಂತದ್ದು

ಮೊದಲು ದನಿ ತೀರ್ಮಾನಿಸಿದೆವು. ಮಾತಾಡುವುದು ತಂಗಿ ಮತ್ತು ಭಾವ. ಆದರೆ ದೊಡ್ಡಪ್ಪ ಒಂದು ಮಾತು ಹೇಳಿದರು: "ಕರೆದದ್ದು ನಾವು, ಕಳಿಸಿಕೊಡುವಾಗ ನಾವು ಇರಲ್ವೇನೋ?" ಅದು ನ್ಯಾಯವೇ. ಅಪ್ಪ-ಅಮ್ಮ, ಬೀಗರು ನಾಲ್ಕೂ ಜನರ ಹೆಸರು ಹಾಕಲು ಜಾಗ ಇಲ್ಲ. ಹಾಕಿದರೂ ಯಾರ ಹೆಸರು ಮೊದಲು ಅನ್ನುವ ಪ್ರಶ್ನೆ ಏಳುತ್ತದೆ. ಹೆಸರಿನ ಕೆಳಗೆ "ಮತ್ತು ಎರಡೂ ಮನೆಯವರು" ಅಂತ ಸೇರಿಸಿದೆ. ದೊಡ್ಡಪ್ಪನಿಗೂ ಒಪ್ಪಿಗೆ ಆಯಿತು, ಬೀಗರಿಗೂ ಆಯಿತು.

ಆಮೇಲೆ ಕಾಲ. ಈ ಟ್ಯಾಗನ್ನು ಅಚ್ಚು ಹಾಕುವಾಗ ಮದುವೆ ಆಗಿರುವುದಿಲ್ಲ, ಆದರೆ ಓದುವಾಗ ಮುಗಿದಿರುತ್ತದೆ. ಛತ್ರದ ಬಾಗಿಲಲ್ಲಿ ತಾಂಬೂಲದ ಚೀಲ ಕೈಗೆ ಬಂದಾಗ ಯಾರೂ ಓದುವುದಿಲ್ಲ. ಬಸ್ಸಿನಲ್ಲೋ ಮನೆಗೆ ಹೋದ ಮೇಲೋ ಕಾಯಿ, ಎಲೆ ತೆಗೆದಿಡುವಾಗ ಓದುತ್ತಾರೆ. ಹಾಗಾಗಿ "ಬನ್ನಿ", "ಹರಸಿ" ಅನ್ನುವ ಕರೆಯೋಲೆ ಮಾತು ಸಲ್ಲುವುದಿಲ್ಲ. ಬಂದದ್ದು, ಹಾರೈಸಿದ್ದು ಎರಡೂ ಆಗಿಹೋದ ಮಾತಾಗಿಯೇ ಬರಬೇಕು.

"ತಮಗೆ" ಬೇಡ, "ನಿಮಗೆ" ಸಾಕು ಅಂತ ತಂಗಿ ಹೇಳಿದಳು. ಸರಿಯೇ. "ತಮಗೆ" ಅನ್ನುವುದು ಅರ್ಜಿಯಲ್ಲಿ, ಪತ್ರಿಕೆಯಲ್ಲಿ ಚೆನ್ನಾಗಿ ಕೂರುತ್ತದೆ, ಹತ್ತಿರದವರಿಗೆ ದೂರ ಅನಿಸುತ್ತದೆ.

ಕೊನೆಗೆ ಉಳಿದದ್ದು "ಧನ್ಯವಾದ"ದ ಜಾಗ. ಅಪ್ಪ "ಧನ್ಯವಾದಗಳು" ಇರಲೇಬೇಕು ಅಂದರು. ಅಮ್ಮ ಕೇಳಿದರು, "ನಿಮ್ಮ ಅಕ್ಕ ಮದುವೆಗೆ ಬಂದು ಹೋಗುವಾಗ ಧನ್ಯವಾದಗಳು ಅಂತೀರಾ?" ಅನ್ನುವುದಿಲ್ಲ. ಕಾಲಿಗೆ ನಮಸ್ಕಾರ ಮಾಡುತ್ತಾರೆ, ಇಲ್ಲವಾದರೆ "ಬಂದಿದ್ದು ತುಂಬಾ ಸಂತೋಷ" ಅನ್ನುತ್ತಾರೆ. "ನಮಸ್ಕಾರ" ಹಿರಿಯರಿಗೂ ಸಲ್ಲುತ್ತದೆ, ಗೆಳೆಯರಿಗೂ ಸಲ್ಲುತ್ತದೆ. ಜೊತೆಗೆ "ಪ್ರೀತಿಯ" ಸೇರಿದರೆ ಬಿಗುವು ಹೋಗುತ್ತದೆ. "ನಿಮಗೆ ನಮಸ್ಕಾರ" ಅಷ್ಟೇ ಬರೆದರೆ ಮಾತು ಮುಗಿಸಿ ಕಳಿಸಿದ ಹಾಗೆ ಕೇಳುತ್ತದೆ, ಅದಕ್ಕೇ ಆ ಒಂದು ಪದ ಬೇಕೇ ಬೇಕು.

ಕೊನೆಗೆ ಅಚ್ಚಿಗೆ ಹೋದದ್ದು ಇದು:

ಮದುವೆಗೆ ಬಂದು
ಮನಸಾರೆ ಹಾರೈಸಿದ ನಿಮಗೆ
ನಮ್ಮ ಪ್ರೀತಿಯ ನಮಸ್ಕಾರ
ಸೌಮ್ಯ – ವಿನಯ್ ಕುಮಾರ್
ಮತ್ತು ಎರಡೂ ಮನೆಯವರು
23-11-2025

ಸಾಲು ಒಡೆಯುವುದನ್ನು ಕಂಪ್ಯೂಟರ್‌ಗೆ ಬಿಡಬೇಡಿ. ತಾನಾಗಿ ಒಡೆದಾಗ "ಮದುವೆಗೆ ಬಂದು ಮನಸಾರೆ / ಹಾರೈಸಿದ ನಿಮಗೆ ನಮ್ಮ / ಪ್ರೀತಿಯ ನಮಸ್ಕಾರ" ಅಂತ ಬಂತು. "ನಿಮಗೆ ನಮ್ಮ" ಒಂದು ಸಾಲಿನ ಕೊನೆಯಲ್ಲಿ ಜೋತು ಬಿದ್ದಿತ್ತು. ಜೋರಾಗಿ ಓದಿ, ಉಸಿರು ನಿಲ್ಲುವ ಕಡೆ ಎಂಟರ್ ಒತ್ತಿದೆ.

ಮೇಲೆ ಗಣಪತಿಯ ಚಿತ್ರ, "ಶ್ರೀ" ಹಾಕುವುದು ರೂಢಿ. ನಾವು ಬೇಕೆಂದೇ ಬಿಟ್ಟೆವು. ಪತ್ರಿಕೆಯನ್ನಾದರೂ ಜನ ಎತ್ತಿಡುತ್ತಾರೆ. ಟ್ಯಾಗ್ ಬಿಚ್ಚಿದ ಮೇಲೆ ಕಸದ ಡಬ್ಬಿಗೇ ಹೋಗುವುದು. ದೇವರ ಚಿತ್ರ ಇದ್ದರೆ ಎಸೆಯಲು ಮನಸ್ಸು ಬರದೆ ಒದ್ದಾಡುತ್ತಾರೆ, ಎಸೆದರೆ ಕಾಲಡಿಗೆ ಬೀಳುತ್ತದೆ. ಅಂಚಿಗೆ ಮಾವಿನ ತೋರಣದ ಸಣ್ಣ ಗೆರೆಚಿತ್ರ ಸಾಕಾಯಿತು.

ತಾರೀಖಿಗೆ ಕನ್ನಡ ಅಂಕಿ ಹಾಕಿ ನೋಡಿದೆ. ನನಗೆ ಇಷ್ಟ. ಆದರೆ 9 ಪಾಯಿಂಟ್ ಅಳತೆಯಲ್ಲಿ ೧ ಮತ್ತು ೦ ಒಂದೇ ಥರ ಕಂಡವು. ಅಕ್ಷರ ದೊಡ್ಡದು ಮಾಡಲು ಜಾಗ ಇಲ್ಲ, ಹಾಗಾಗಿ ಬಿಟ್ಟೆ. ದೊಡ್ಡ ಕಾರ್ಡಿನಲ್ಲಿ ಕನ್ನಡ ಅಂಕಿಯನ್ನೇ ಹಾಕಿದ್ದೇನೆ.

4. ಬರಲಾಗದವರ ಟ್ಯಾಗ್

ಇದು ನನಗೆ ತಡವಾಗಿ ಹೊಳೆಯುತ್ತಿತ್ತೇನೋ, ಚಿಕ್ಕಮ್ಮ ಕೇಳಿದರು: "ಹುಷಾರಿಲ್ಲದೆ ಮನೇಲಿರೋ ಅಜ್ಜಿಗೂ ಇದನ್ನೇ ಕೊಡ್ತೀಯಾ? ಮದುವೆಗೆ ಬಂದು ಅಂತ?" ಮದುವೆ ಮುಗಿದ ಮೇಲೆ ಅಕ್ಕಪಕ್ಕದ ಮನೆಗೆ, ಹಾಸಿಗೆ ಹಿಡಿದವರಿಗೆ, ದೂರದ ಊರಿನವರಿಗೆ ತಾಂಬೂಲ ಕಳಿಸುವುದು ಇದ್ದೇ ಇರುತ್ತದೆ. ಅವರ ಕೈಗೆ "ಮದುವೆಗೆ ಬಂದು" ಅನ್ನುವ ಟ್ಯಾಗ್ ಹೋದರೆ ಬರಲಿಲ್ಲ ಅಂತ ನೆನಪಿಸಿದ ಹಾಗೆ.

ಒಂದೇ ಸಾಲು ಬದಲಿಸಿದರೆ ಸಾಕಾಯಿತು:

ಇದ್ದಲ್ಲಿಂದಲೇ
ಮನಸಾರೆ ಹಾರೈಸಿದ ನಿಮಗೆ
ನಮ್ಮ ಪ್ರೀತಿಯ ನಮಸ್ಕಾರ

ಇವು 60-70 ಇರಲಿ ಅಂತ ಲೆಕ್ಕ ಹಾಕಿದೆ. ಡಿಜಿಟಲ್ ಅಚ್ಚಿನಲ್ಲಿ ಎರಡು ಬಗೆ ಹಾಕಿಸಿದರೆ ಜಾಸ್ತಿ ದುಡ್ಡಿಲ್ಲ, ಹಾಳೆ ಲೆಕ್ಕ ಅಷ್ಟೇ. ಆಫ್‌ಸೆಟ್‌ನಲ್ಲಿ ಆದರೆ ಇನ್ನೊಂದು ಪ್ಲೇಟ್ ಆಗುತ್ತಿತ್ತು. ಎರಡೂ ನೋಡಲು ಒಂದೇ ಥರ ಇರುವುದರಿಂದ ಕಲಸಿಹೋಗುವ ಭಯ ಇತ್ತು. ಇದಕ್ಕೆ ತೋರಣದ ಬಣ್ಣ ಹಸಿರು, ಬಂದವರ ಟ್ಯಾಗ್‌ಗೆ ಕುಂಕುಮ ಕೆಂಪು ಅಂತ ಬೇರೆ ಮಾಡಿದೆ. ಕಟ್ಟಲು ಕೂತ ಮಕ್ಕಳಿಗೂ ಗೊತ್ತಾಯಿತು.

5. ಅಕ್ಟೋಬರ್ ಮೂರನೇ ವಾರ: ಅಚ್ಚಿನ ಅಂಗಡಿಯಲ್ಲಿ ಅಕ್ಷರ ಒಡೆದದ್ದು

ಸಾಲುಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಬಂದ ಪ್ರೂಫ್‌ನಲ್ಲಿ "ಪ್ರೀತಿಯ" ಅನ್ನುವುದು "ಪ್‌ರೀತಿಯ" ಆಗಿತ್ತು, "ಸೌಮ್ಯ" ಹೋಗಿ "ಸೌಮ್‌ಯ" ಆಗಿತ್ತು. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದವು.

ಕಾರಣ ಇದು. ಮೊಬೈಲ್‌ನಲ್ಲಿ ನಾವು ಬರೆಯುವುದು ಯೂನಿಕೋಡ್. ಅಂಗಡಿಯವರ ಹಳೆಯ ಡಿಸೈನ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಅವರು ದಿನವೂ ಕೆಲಸ ಮಾಡುವುದು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ಅಲ್ಲಿ ಅಕ್ಷರದ ತುಂಡುಗಳೇ ಫಾಂಟ್‌ನಲ್ಲಿ ಇರುತ್ತವೆ, ಹಾಗಾಗಿ ತಂತ್ರಾಂಶ ಏನೂ ಜೋಡಿಸಬೇಕಿಲ್ಲ. ನಮ್ಮ ಬರಹವನ್ನು ನೇರ ಅಂಟಿಸಿದರೆ ಒಡೆಯುತ್ತದೆ.

ಅಂಗಡಿಯ ಹುಡುಗ ತಾನೇ ನುಡಿಯಲ್ಲಿ ಮತ್ತೆ ಟೈಪ್ ಮಾಡಿದ. ಒತ್ತಕ್ಷರ ಸರಿಯಾಯಿತು, ಹೊಸ ಕಾಗುಣಿತ ತಪ್ಪು ಬಂತು: "ಮನಸಾರೆ" ಇದ್ದದ್ದು "ಮನಸರೆ". ಅದೇ ಹೊತ್ತಿನಲ್ಲಿ ಪಕ್ಕದ ಪರದೆಯಲ್ಲಿ ಬೇರೆಯವರ ಟ್ಯಾಗ್ ಅಚ್ಚಿಗೆ ಹೋಗುತ್ತಿತ್ತು. ಅದರಲ್ಲಿ "ಆರ್ಶೀವಾದ" ಅಂತಿತ್ತು. ಹೇಳಿ ಸರಿ ಮಾಡಿಸಿದೆ. ಯಾರದ್ದೇ ಆಗಲಿ, ಐನೂರು ಮನೆಗೆ ಹೋಗುವ ಮಾತು ಅದು. ಟ್ಯಾಗ್‌ಗಳಲ್ಲಿ ಪದೇಪದೇ ಕೆಡುವ ಪದಗಳು ಇವೇ ನಾಲ್ಕು: ಆಶೀರ್ವಾದದ ಅರ್ಕಾವತ್ತು "ಶೀ" ಮೇಲೆ ಹತ್ತುವುದು, "ಹಾರ್ದಿಕ" ಇದ್ದದ್ದು "ಹಾರ್ಧಿಕ" ಆಗುವುದು, "ಧನ್ಯವಾದ"ದ ಮಹಾಪ್ರಾಣ ಬಿದ್ದುಹೋಗುವುದು, "ಕೃತಜ್ಞತೆ"ಯ ಜ್ಞ ಕೆಡುವುದು. ಕೊನೆಯದಂತೂ ಹೆಚ್ಚು ಎಚ್ಚರ ಬೇಡುತ್ತದೆ, ಯಾಕೆಂದರೆ "ಕೃತಘ್ನತೆ" ಆಗಿಬಿಟ್ಟರೆ ಅರ್ಥವೇ ತಿರುಗಿಬೀಳುತ್ತದೆ. ಇವು ನಿಮ್ಮ ಸಾಲಿನಲ್ಲಿ ಇದ್ದರೆ ಪ್ರೂಫ್‌ನಲ್ಲಿ ಮೊದಲು ಇವನ್ನೇ ನೋಡಿ.

ಮತ್ತೆ ಟೈಪ್ ಮಾಡಿಸುವ ದಾರಿ ಬಿಟ್ಟು ನಾನೇ ಫೈಲ್ ಮಾಡಿಕೊಂಡು ಹೋದೆ. Inkscape ಅನ್ನುವ ಡಿಸೈನ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. Noto Serif Kannada ಫಾಂಟ್ ಹಾಕಿದೆ. ಎಲ್ಲ ಮುಗಿದ ಮೇಲೆ ಬರಹವನ್ನೆಲ್ಲ ಆಯ್ಕೆ ಮಾಡಿ `Path > Object to Path` ಕೊಟ್ಟೆ. ಆಗ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಗೆರೆಗಳ ಚಿತ್ರವಾಗುತ್ತದೆ. ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ, ಆ ಫಾಂಟ್ ಇಲ್ಲದಿದ್ದರೂ ಒಡೆಯುವುದಿಲ್ಲ. ಆಮೇಲೆ ಪಿಡಿಎಫ್ ಮಾಡಿದೆ. ಗೆರೆಯಾದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಅದಕ್ಕೇ ತಿದ್ದಬಹುದಾದ ಮೂಲ ಫೈಲನ್ನು ಬೇರೆ ಹೆಸರಲ್ಲಿ ಇಟ್ಟುಕೊಳ್ಳಲೇಬೇಕು. ಗೆರೆ ಮಾಡದೆ ಬರಹವನ್ನು ಹಾಗೇ ಬಿಟ್ಟ ಪಿಡಿಎಫ್ ಕೊಟ್ಟರೆ, CorelDRAW ಡಿಸೈನ್ ತಂತ್ರಾಂಶ ಅದನ್ನು ತೆರೆಯುವಾಗ ಬರಹವನ್ನು `Text` ಆಗಿ ತರಬೇಕೋ `Curves` ಆಗಿ ತರಬೇಕೋ ಅಂತ ಕೇಳುತ್ತದೆ. `Curves` ಅನ್ನಬೇಕು.

ವರನ ಹೆಸರಿನ ಬಗ್ಗೆ ಒಂದು ಮಾತು. "ವಿನಯ್ ಕುಮಾರ್" ಅನ್ನುವುದನ್ನು ಜಾಗ ಬಿಡದೆ ಟೈಪ್ ಮಾಡಿದರೆ "ವಿನಯ್ಕುಮಾರ್" ಆಗಿ ಕ ಅಕ್ಷರ ಯ ಕೆಳಗೆ ಒತ್ತಾಗಿ ಇಳಿಯುತ್ತದೆ. ಹೆಸರು ಪತ್ರಿಕೆಯಲ್ಲಿ ಹೇಗಿದೆಯೋ ಹಾಗೇ, ನಡುವೆ ಜಾಗ ಬಿಟ್ಟು, ಇಬ್ಬರ ಮನೆಯವರಿಗೂ ತೋರಿಸಿ ಒಪ್ಪಿಗೆ ತಗೊಂಡೆ.

ಪ್ರೂಫನ್ನು ಮೊಬೈಲ್‌ನಲ್ಲಿ ನೋಡಿ ಒಪ್ಪಬೇಡಿ. ಪರದೆಯಲ್ಲಿ ಎಳೆದು ದೊಡ್ಡದು ಮಾಡಿ ನೋಡುತ್ತೇವೆ, ನಿಜವಾದ ಅಳತೆ ಗೊತ್ತಾಗುವುದಿಲ್ಲ. ಅದೇ ಕಾಗದದ ಮೇಲೆ ಒಂದು ಹಾಳೆ ಹಾಕಿಸಿ, ಕತ್ತರಿಸಿ, ತೂತು ಹೊಡೆದು, ಡಬ್ಬಿಗೆ ಕಟ್ಟಿ, ಟ್ಯೂಬ್‌ಲೈಟ್ ಕೆಳಗೆ ಅಮ್ಮನ ಕೈಗೆ ಕೊಟ್ಟೆ. ಕಂದು ಬಣ್ಣದ ಕ್ರಾಫ್ಟ್ ಕಾಗದ ಬಿದ್ದುಹೋದದ್ದು ಈ ಪರೀಕ್ಷೆಯಲ್ಲೇ. ಪರದೆಯಲ್ಲಿ ಚೆನ್ನಾಗಿತ್ತು. ಅಚ್ಚಿನಲ್ಲಿ ಹಸಿರು ತೋರಣ ಕಾಗದದ ಕಂದಿನಲ್ಲಿ ಮುಳುಗಿತು, ಕೆಂಪು ಮಾಸಿದ ಹಾಗೆ ಕಂಡಿತು. ಬಿಳಿಯ ಮೇಲೆ ಹಾಕಿದರೆ ಎರಡೂ ಎದ್ದು ಕಂಡವು. ಬಿಳಿಯ 300 ಜಿಎಸ್‌ಎಂ ಕಾಗದಕ್ಕೇ ಬಂದೆವು.

6. ಹಾಳೆಯ ಲೆಕ್ಕ

ಹಾಳೆ 12 × 18 ಇಂಚಿನದು. ಯಂತ್ರ ಅಂಚಿನವರೆಗೆ ಅಚ್ಚು ಹಾಕುವುದಿಲ್ಲ, ಸುತ್ತ ಸುಮಾರು 5 ಮಿ.ಮೀ. ಬಿಡುತ್ತದೆ. ಟ್ಯಾಗ್‌ನ ಅಂಚಿನವರೆಗೂ ಬಣ್ಣ ಇದ್ದರೆ ಪ್ರತಿ ಟ್ಯಾಗ್‌ಗೂ ಸುತ್ತ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಟ್ಟು ಕತ್ತರಿಸಬೇಕು. ಆಗ ಒಂದು ಹಾಳೆಯಲ್ಲಿ 21 ಟ್ಯಾಗ್ ಮಾತ್ರ. ಹಿನ್ನೆಲೆ ಬಿಳಿಯಾಗಿಯೇ ಇದ್ದರೆ ಒಂದಕ್ಕೊಂದು ತಾಗಿಸಿ ಜೋಡಿಸಬಹುದು, 24 ಬರುತ್ತವೆ. ಕತ್ತರಿಸುವುದೂ ಬೇಗ, ಒಂದೇ ಗೆರೆಗೆ ಎರಡು ಟ್ಯಾಗ್ ಬಿಡುಗಡೆ.

17 ಹಾಳೆ ಕೆಂಪು ತೋರಣದ್ದು, 408. 3 ಹಾಳೆ ಹಸಿರಿನದು, 72. ಹಾಳೆಗೆ 28 ರೂಪಾಯಿಯಂತೆ 20 ಹಾಳೆಗೆ 560. ಲೇಸರ್ ಅಚ್ಚೇ ಬೇಕು ಅಂತ ಹೇಳಿ ಹಾಕಿಸಿದೆ. ತಾಂಬೂಲದ ಚೀಲದಲ್ಲಿ ತೊಳೆದ ವೀಳ್ಯದೆಲೆ, ಕಾಯಿ ಇರುತ್ತವೆ, ತೇವ ತಾಗದೆ ಇರುವುದಿಲ್ಲ. ಮನೆಯ ಇಂಕ್‌ಜೆಟ್‌ನಲ್ಲಿ ಹಾಕಿದ್ದನ್ನು ಒದ್ದೆ ಎಲೆಯ ಮೇಲೆ ಇಟ್ಟು ನೋಡಿದೆ, ಕೆಂಪು ಹರಡಿತು. ಲೇಸರಿನದು ಹಾಗೇ ಇತ್ತು.

ಹಿಂಬದಿಯಲ್ಲೂ ಅಚ್ಚು ಹಾಕಿಸಿದರೆ ಖರ್ಚು ಹೆಚ್ಚುಕಡಿಮೆ ಎರಡರಷ್ಟು. ಆದರೆ ಭರಣಿ ಕಾಪಾಡುವ ಬಗ್ಗೆ ಎರಡು ಮಾತು ಹೇಳುವುದು ನನಗೆ ಮುಖ್ಯ ಅನಿಸಿತ್ತು. ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತಿ, ತಾಳೆ ಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಅರಗು ಶಾಖಕ್ಕೆ ಮೆತ್ತಗಾಗುತ್ತದೆ, ಸ್ಪಿರಿಟ್‌ಗೆ ಕರಗುತ್ತದೆ. ಗೊತ್ತಿಲ್ಲದೆ ಸ್ಯಾನಿಟೈಸರ್ ಹಾಕಿ ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಇದನ್ನು ಟ್ಯಾಗ್ ಮೇಲೆ ಹಾಕಿದರೆ ನಮಸ್ಕಾರದ ಪಕ್ಕದಲ್ಲೇ "ನೆನೆಸಬೇಡಿ" ಬರುತ್ತದೆ, ಅದು ಚೆನ್ನಾಗಿರಲಿಲ್ಲ. ಎ4 ಹಾಳೆಯಲ್ಲಿ 30 ಚೀಟಿ ಮಾಡಿ, 15 ಹಾಳೆ ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿ, ಡಬ್ಬಿಯೊಳಗೆ ಇಟ್ಟೆವು. ಖರ್ಚು 30 ರೂಪಾಯಿ:

"ಚನ್ನಪಟ್ಟಣದಲ್ಲಿ ಮರ ಕಡೆದು ಅರಗಿನ ಬಣ್ಣ ಹಾಕಿದ ಭರಣಿ. ಒಣ ಬಟ್ಟೆಯಲ್ಲಿ ಒರೆಸಿ. ನೀರಲ್ಲಿ ನೆನೆಸಬೇಡಿ, ಬಿಸಿಲಲ್ಲಿ ಇಡಬೇಡಿ, ಸ್ಪಿರಿಟ್ ತಾಗಿಸಬೇಡಿ."

7. ನವೆಂಬರ್ ಮೊದಲ ವಾರ: ತೂತು, ದಾರ

4 ಮಿ.ಮೀ. ತೂತು ಹೊಡೆಯುವ ಪಂಚ್, 90 ರೂಪಾಯಿ. 300 ಜಿಎಸ್‌ಎಂ ಕಾಗದವನ್ನು ಮೂರಕ್ಕಿಂತ ಜಾಸ್ತಿ ಒಟ್ಟಿಗೆ ಇಟ್ಟು ಒತ್ತಿದರೆ ಕೆಳಗಿನದರ ಅಂಚು ಹರಿಯುತ್ತದೆ. ಸೆಣಬಿನ ಸಣ್ಣ ದಾರ ಎರಡು ಉಂಡೆ, 170 ರೂಪಾಯಿ. ಒಂದು ಟ್ಯಾಗ್‌ಗೆ 25 ಸೆಂ.ಮೀ. ಬೇಕು, 450ಕ್ಕೆ ಸುಮಾರು 113 ಮೀಟರ್. ಸೆಣಬಿನ ತುದಿ ಬಿಚ್ಚಿಕೊಂಡು ತೂತಿಗೆ ಹೋಗುವುದಿಲ್ಲ. ತುದಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ, ಹೊಸೆದು, ರಾತ್ರಿ ಒಣಗಲು ಬಿಟ್ಟರೆ ಸೂಜಿಯಂತೆ ಗಟ್ಟಿಯಾಗುತ್ತದೆ. ದಾರವನ್ನು ನಡುವೆ ಮಡಚಿ, ಎರಡೂ ತುದಿಗಳನ್ನು ತೂತಿನಲ್ಲಿ ತೂರಿಸಿ, ಆ ತುದಿಗಳನ್ನೇ ಮಡಚಿದ ಕಡೆಯ ಕುಣಿಕೆಯೊಳಗಿಂದ ಎಳೆದರೆ ಟ್ಯಾಗ್ ತಿರುಚಿಕೊಳ್ಳದೆ ಮುಖ ಮೇಲೆ ಮಾಡಿ ನಿಲ್ಲುತ್ತದೆ. ಗಂಟು ಹಾಕಿದರೆ ಅರ್ಧದಷ್ಟು ಬೆನ್ನು ತೋರಿಸುತ್ತವೆ.

8. ಕೈಯಲ್ಲಿ ಬರೆಯುವ ಕಾರ್ಡ್

ಈ ಕಾರ್ಡ್‌ಗಳು ಮದುವೆಗೆ ಬಂದು ನಿಂತು ದುಡಿದವರಿಗೆ. ನೆಂಟರಿಗೆ ಮಲಗಲು ತಮ್ಮ ಮನೆಯ ಮಾಳಿಗೆ ಬಿಟ್ಟುಕೊಟ್ಟ ಪಕ್ಕದ ಮನೆಯವರು, ಉಗ್ರಾಣದ ಬೀಗದ ಕೈ ಹಿಡಿದು ಎರಡು ದಿನ ಅಲ್ಲಾಡದ ಸೋದರಮಾವ, ಅಡುಗೆ ಭಟ್ಟರು, ಹಸೆ ಹಾಡು ಹೇಳಿದ ಅತ್ತೆಯರು. ಇವರಿಗೆಲ್ಲ ಅಚ್ಚಾದ ಒಂದೇ ಮಾತು ಕೊಟ್ಟರೆ ಅವರ ಕೆಲಸವನ್ನು ಗಮನಿಸಿಲ್ಲ ಅಂತ ಆಗುತ್ತದೆ.

ಎ6 ಅಳತೆ ಅಂದುಕೊಂಡಿದ್ದೆ, ಅದೇ ಹಾಳೆಯಲ್ಲಿ ಆರೇ ಕೂರುತ್ತವೆ. 4 × 5 ಇಂಚು ಮಾಡಿದರೆ ಎಂಟು. ಎಂಟು ಹಾಳೆಗೆ 64 ಕಾರ್ಡ್, ಹಾಳೆಗೆ 32ರಂತೆ 256 ರೂಪಾಯಿ. ಕಾಗದ ಹೊಳಪಿಲ್ಲದ್ದು, ಕೋಟಿಂಗ್ ಇಲ್ಲದ್ದೇ ಆಗಬೇಕು. ಹೊಳಪಿನ ಆರ್ಟ್ ಕಾರ್ಡ್ ಮೇಲೆ ಜೆಲ್ ಪೆನ್ ಒಣಗುವುದಿಲ್ಲ, ಕೈ ತಾಗಿದರೆ ಉಜ್ಜಿಹೋಗುತ್ತದೆ.

ಅಚ್ಚು ಹಾಕಿಸಿದ್ದು ಮೇಲೆ ತೋರಣ, ಕೆಳಗೆ ಇಬ್ಬರ ಹೆಸರು, ೨೩-೧೧-೨೦೨೫. ನಡುವೆ ಐದು ತೆಳು ಗೆರೆ, ಅಷ್ಟೇ. "ಪ್ರೀತಿಯ" ಅಂತ ಒಕ್ಕಣೆಯನ್ನೂ ಅಚ್ಚು ಹಾಕಿಸೋಣ ಅಂತ ತಂಗಿ ಅಂದಿದ್ದಳು. ಬೇಡ ಅಂದೆ. ಸೋದರಮಾವನಿಗೆ "ಪೂಜ್ಯ ಮಾವನವರಿಗೆ", ಗೆಳತಿಗೆ ಬರೀ ಹೆಸರು, ಚಿಕ್ಕ ತಮ್ಮನಿಗೆ "ನಿನಗೆ". ಒಕ್ಕಣೆ ಮತ್ತು ಏಕವಚನ-ಬಹುವಚನ ಕೈಗೇ ಬಿಡಬೇಕು.

ಬರೆಯಲು ಕೂತಾಗ ತಂಗಿಗೆ ಒಂದೇ ನಿಯಮ ಹೇಳಿದೆ: ಅವರು ಮಾಡಿದ ಒಂದು ಕೆಲಸದ ಹೆಸರು ಕಾರ್ಡಿನಲ್ಲಿ ಬರಬೇಕು. "ನಿಮ್ಮ ಸಹಾಯ, ಸಹಕಾರಕ್ಕೆ" ಅನ್ನುವಂತಿಲ್ಲ. ಮಾವನ ಕಾರ್ಡ್ ಮೊದಲು ಹೀಗಿತ್ತು: "ಮದುವೆ ಚೆನ್ನಾಗಿ ನಡೆಯಲು ನೀವು ಕೊಟ್ಟ ಸಹಕಾರ ಮರೆಯಲಾರೆವು." ಆಮೇಲೆ ಬರೆದದ್ದು: "ಉಗ್ರಾಣದಲ್ಲಿ ನೀವಿದ್ದೀರಿ ಅಂತ ಅಪ್ಪ ಆ ಕಡೆ ತಲೆ ಹಾಕಲೇ ಇಲ್ಲ. ಎರಡನೇ ಪಂಕ್ತಿಗೆ ಜನ ಏರಿದಾಗಲೂ ಬಡಿಸುವವರು ಓಡಾಡಲಿಲ್ಲ, ನೀವು ಮೊದಲೇ ತೆಗೆದಿಟ್ಟಿದ್ದಿರಿ." ಹಸೆ ಹಾಡಿನ ಅತ್ತೆಗೆ: "ಎಣ್ಣೆ ಶಾಸ್ತ್ರದಲ್ಲಿ ನೀವು ಹಾಡು ಎತ್ತಿದ ಮೇಲೆ ಉಳಿದವರಿಗೂ ಸಾಲು ನೆನಪಾಯಿತು." ಭಟ್ಟರಿಗೆ: "ಹೆಸರುಬೇಳೆ ಪಾಯಸ ಕೇಳಿ ಕೇಳಿ ಹಾಕಿಸಿಕೊಂಡರು, ನಮ್ಮ ಬೀಗರೂ." ಐದು ಗೆರೆಗೆ ಇದು ಸರಿಯಾಗಿ ಹಿಡಿಸುತ್ತದೆ.

ಮದುವೆಗೆ ಮೊದಲೇ ಈ ಕಾರ್ಡ್ ಬರೆದಿಡಲು ಆಗುವುದಿಲ್ಲ. ಯಾರು ಏನು ಮಾಡಿದರು ಅನ್ನುವುದು ಆ ಎರಡು ದಿನದಲ್ಲೇ ಗೊತ್ತಾಗುವುದು. ಧಾರೆಯ ದಿನ ಚಿಕ್ಕಪ್ಪನ ಮಗಳ ಕೈಯಲ್ಲಿ ಪುಟ್ಟ ಪುಸ್ತಕ ಕೊಟ್ಟು, ಕಂಡದ್ದನ್ನು ಒಂದೊಂದು ಸಾಲು ಗುರುತು ಹಾಕಲು ಹೇಳಿದ್ದೆ. ಬೀಗರ ಊಟ ಮುಗಿದ ಮೇಲೆ ತಂಗಿ-ಭಾವ ಕೂತು ಬರೆದರು, ಮನೆಮನೆಗೆ ಹೋಗುವಾಗ ಕೈಯಲ್ಲೇ ಕೊಟ್ಟರು.

9. ಖರ್ಚು ಮತ್ತು ಉಳಿದದ್ದು

ಟ್ಯಾಗ್ ಅಚ್ಚು 560, ಕಾರ್ಡ್ 256, ಪ್ರೂಫ್ ಹಾಳೆಗಳು 84, ಕತ್ತರಿಸಲು 60, ಪಂಚ್ 90, ದಾರ 170, ಚೀಟಿ 30. ಒಟ್ಟು 1,250 ರೂಪಾಯಿ.

ಹಸಿರು ತೋರಣದ ಟ್ಯಾಗ್ ಅಂದುಕೊಂಡದ್ದಕ್ಕಿಂತ ಬೇಗ ಖಾಲಿ ಆಗುತ್ತಾ ಬಂತು. ಕೊರಿಯರ್‌ನಲ್ಲಿ ಕಳಿಸುವ ಭರಣಿಗಳಿಗೆ ಟ್ಯಾಗನ್ನು ಹೊರಗೆ ಕಟ್ಟಬೇಡಿ, ದಾರ ಸಿಕ್ಕಿಕೊಂಡು ಕಾಗದ ತೂತಿನ ಹತ್ತಿರ ಹರಿಯುತ್ತದೆ. ಡಬ್ಬಿಯೊಳಗೆ ಭರಣಿಯ ಕುತ್ತಿಗೆಗೆ ಸುತ್ತಿ ಇಡುವುದು ಸರಿಹೋಯಿತು. ಕೆಂಪಿನವು ಮೂವತ್ತರಷ್ಟು ಉಳಿದಿವೆ. ಇನ್ನೊಮ್ಮೆ ಮಾಡುವುದಾದರೆ ಕೆಂಪು 16 ಹಾಳೆ, ಹಸಿರು 4 ಹಾಳೆ ಹಾಕಿಸುತ್ತೇನೆ.